ದುಬೈ ಸಂಬಳದ ಒಂದು ಪಾಲನ್ನು ಕಂಪನಿಯೇ ಊರಿನ ಖಾತೆಗೆ ಕಳುಹಿಸಬಹುದೇ?

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಎರಡು ವರ್ಷದಿಂದ ದುಬೈಯ ಒಂದು ಖಾಸಗಿ ಕಂಪನಿಯಲ್ಲಿ ಗೋದಾಮಿನ ಮೇಲ್ವಿಚಾರಕನಾಗಿದ್ದೇನೆ. ಸಂಬಳ ತಿಂಗಳಿಗೆ 8,000 ದಿರ್ಹಂ. ಅದರಲ್ಲಿ 5,000 ದಿರ್ಹಮನ್ನು ಊರಿನ ಬ್ಯಾಂಕಿನಲ್ಲಿರುವ ನನ್ನ ಹಳೆಯ ಉಳಿತಾಯ ಖಾತೆಗೆ ಕಂಪನಿಯೇ ನೇರವಾಗಿ ಕಳುಹಿಸಲಿ ಎಂದು ಅರ್ಜಿ ಕೊಡಬೇಕೆಂದಿದ್ದೇನೆ. ಮನೆ ಸಾಲದ ಕಂತು ಪ್ರತಿ ತಿಂಗಳು 5ನೇ ತಾರೀಕಿಗೆ ಆ ಖಾತೆಯಿಂದ ಹೋಗುತ್ತದೆ, ಅಪ್ಪ ಮನೆ ಖರ್ಚಿಗೂ ಅಲ್ಲಿಂದಲೇ ತೆಗೆಯುತ್ತಾರೆ. ಅರ್ಜಿಯನ್ನು ಹೇಗೆ ಬರೆಯಬೇಕು? ತೆರಿಗೆಯ ತೊಂದರೆ ಏನಾದರೂ ಇದೆಯೇ?

ಉತ್ತರ: ಅರ್ಜಿ ಬರೆಯುವ ಮೊದಲು ಆ ಹಳೆಯ ಖಾತೆಯ ವಿಚಾರವನ್ನು ಸರಿಪಡಿಸಿಕೊಳ್ಳಬೇಕು. ಉದ್ಯೋಗಕ್ಕಾಗಿ ದೇಶ ಬಿಟ್ಟವರು ವಿದೇಶಿ ವಿನಿಮಯ ಕಾಯ್ದೆಯ ದೃಷ್ಟಿಯಲ್ಲಿ ಅನಿವಾಸಿಗಳಾಗುತ್ತಾರೆ. ಅವರು ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಬ್ಯಾಂಕಿಗೆ ತಿಳಿಸಿದರೆ ಅದೇ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿ ಕೊಡುತ್ತಾರೆ. ಊರಿನ ಬಾಡಿಗೆ, ಹಳೆಯ ಠೇವಣಿಯ ಬಡ್ಡಿ ಮುಂತಾದ ಭಾರತದ ಆದಾಯಕ್ಕೆ ಅದು ಇರಲಿ. ದುಬೈ ಸಂಬಳಕ್ಕೆ ಪ್ರತ್ಯೇಕವಾಗಿ ಎನ್‌ಆರ್‌ಇ ಖಾತೆಯನ್ನು ತೆರೆಯಿರಿ, ಏಕೆಂದರೆ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಮತ್ತು ಆ ಹಣವನ್ನು ಮತ್ತೆ ಹೊರದೇಶಕ್ಕೆ ಒಯ್ಯಲು ಅಡ್ಡಿಯೂ ಇಲ್ಲ. ಎನ್‌ಆರ್‌ಒ ಖಾತೆಯ ಬಡ್ಡಿಯಾದರೋ ಶೇ 30ರಷ್ಟು ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ಮೂಲದಲ್ಲೇ ಕಳೆದುಕೊಂಡು ಬರುತ್ತದೆ. ಮನೆ ಸಾಲದ ಕಂತನ್ನು ಎನ್‌ಆರ್‌ಇ ಖಾತೆಯಿಂದ ಕಟ್ಟಬಹುದು. ನಿಮ್ಮ ತಂದೆಯವರು ಮನೆ ಖರ್ಚಿಗೆ ಹಣ ತೆಗೆಯಲು ಬ್ಯಾಂಕಿನಲ್ಲಿ ಅವರ ಹೆಸರಿಗೆ ಒಂದು ಮ್ಯಾಂಡೇಟ್ ಪತ್ರವನ್ನು ಕೊಟ್ಟರೆ ಸಾಕು.

ಇನ್ನು ತೆರಿಗೆಯ ವಿಷಯ. ಕಂಪನಿಯೇ ಕಳುಹಿಸಿದರೇನು, ನೀವೇ ಕಳುಹಿಸಿದರೇನು, ಹಣ ನಿಮ್ಮದೇ ಅಲ್ಲವೇ ಎಂದು ನಿಮಗೆ ಅನ್ನಿಸಬಹುದು. ಆದಾಯ ತೆರಿಗೆ ಕಾಯ್ದೆ ಹಾಗೆ ನೋಡುವುದಿಲ್ಲ. ಅದರ 5ನೇ ಕಲಮಿನ ಪ್ರಕಾರ ಅನಿವಾಸಿಗೆ ಎರಡು ಬಗೆಯ ಆದಾಯದ ಮೇಲೆ ಭಾರತದಲ್ಲಿ ತೆರಿಗೆ ಬೀಳುತ್ತದೆ: ಭಾರತದಲ್ಲಿ ಹುಟ್ಟಿದ ಆದಾಯ ಮತ್ತು, ಎಲ್ಲಿಯೇ ಹುಟ್ಟಿರಲಿ, ಭಾರತದಲ್ಲಿ ಕೈಸೇರಿದ ಆದಾಯ. ನೀವು ದುಡಿಯುವುದು ದುಬೈಯಲ್ಲಿ, ಆದ್ದರಿಂದ ಸಂಬಳ ಹುಟ್ಟುವುದೂ ಅಲ್ಲಿಯೇ. ಆದರೆ ಅದು ಮೊದಲ ಬಾರಿಗೆ ನಿಮ್ಮ ಕೈಗೆ ಬರುವುದು ಕುಂದಾಪುರದ ಶಾಖೆಯಲ್ಲಾದರೆ, ಅದು ಭಾರತದಲ್ಲಿ ಕೈಸೇರಿದ ಆದಾಯವೆಂದು ಅಧಿಕಾರಿ ವಾದಿಸಲು ದಾರಿಯಾಗುತ್ತದೆ.

ಇಲ್ಲಿ ‘ಮೊದಲ ಬಾರಿಗೆ’ ಎಂಬ ಮಾತೇ ಮುಖ್ಯ. ಆದಾಯವು ಪಡೆಯುವವನ ಹಿಡಿತಕ್ಕೆ ಮೊದಲು ಬಂದ ಸಂದರ್ಭವನ್ನಷ್ಟೇ ಸ್ವೀಕೃತಿ ಎನ್ನಬೇಕು ಎಂದು ಸುಪ್ರೀಂ ಕೋರ್ಟ್ 1953ರಲ್ಲಿ ಕೇಶವ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಒಮ್ಮೆ ದುಬೈ ಖಾತೆಯಲ್ಲಿ ಜಮೆಯಾದ ಸಂಬಳವನ್ನು ಆಮೇಲೆ ನೀವು ಊರಿಗೆ ಕಳುಹಿಸಿದರೆ ಅದು ನಿಮ್ಮ ಹಣದ ಸ್ಥಳಾಂತರವಾಗುತ್ತದೆಯೇ ಹೊರತು ಎರಡನೇ ಸಲ ಆದಾಯ ಪಡೆದಂತಾಗುವುದಿಲ್ಲ. ಗಲ್ಫಿನಿಂದ ಮನೆಗೆ ಹಣ ಕಳುಹಿಸುವವರು ಆ ಹಣಕ್ಕೆ ತೆರಿಗೆ ಕಟ್ಟದಿರುವುದು ಈ ಕಾರಣದಿಂದ.

ಅಧಿಕಾರಿಯ ವಾದವೇ ನಿಂತರೆ ಹೊರೆ ಎಷ್ಟಾದೀತು ಎಂದು ನಿಮ್ಮದೇ ಅಂಕಿಗಳಿಂದ ನೋಡೋಣ. ಲೆಕ್ಕದ ಅನುಕೂಲಕ್ಕೆ ದಿರ್ಹಮಿಗೆ 23 ರೂಪಾಯಿ ಎಂದಿಟ್ಟುಕೊಂಡರೆ 5,000 ದಿರ್ಹಮಿಗೆ ತಿಂಗಳಿಗೆ 1,15,000 ರೂಪಾಯಿ, ವರ್ಷಕ್ಕೆ 13,80,000 ರೂಪಾಯಿ ಆಗುತ್ತದೆ. 2025-26ರ ಹೊಸ ಪದ್ಧತಿಯಲ್ಲಿ ಸಂಬಳಕ್ಕೆ ಸಿಗುವ 75,000 ರೂಪಾಯಿಯ ಪ್ರಮಾಣಿತ ಕಡಿತವನ್ನು ತೆಗೆದರೆ 13,05,000 ಉಳಿಯುತ್ತದೆ. ಅದರ ಮೇಲಿನ ತೆರಿಗೆ 75,750, ಶೇ 4ರ ಸೆಸ್ ಸೇರಿ 78,780 ರೂಪಾಯಿ. ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂಬ ಮಾತನ್ನು ನಂಬಿ ನೀವು ಪಾಲನ್ನು ಅಷ್ಟಕ್ಕೆ ಇಳಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಅತ್ತ ದುಬೈಯಲ್ಲಿ ಸಂಬಳದ ಮೇಲೆ ವೈಯಕ್ತಿಕ ಆದಾಯ ತೆರಿಗೆ ಇಲ್ಲದಿರುವುದರಿಂದ ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆದುಕೊಳ್ಳುವ ಮಾರ್ಗವೂ ಇಲ್ಲ.

ಈ ತಕರಾರು ಕಾಗದದ ಮೇಲಷ್ಟೇ ಇರುವಂಥದ್ದಲ್ಲ. ಹಡಗಿನ ನೌಕರರ ಸಂಬಳ ನೇರವಾಗಿ ಎನ್‌ಆರ್‌ಇ ಖಾತೆಗೆ ಬೀಳುತ್ತಿದ್ದುದರಿಂದ ಅವರು ಬಹುಕಾಲ ನೋಟಿಸು, ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿದ್ದರು. ಕೊನೆಗೆ ನೇರ ತೆರಿಗೆ ಮಂಡಳಿಯು 2017ರ ಏಪ್ರಿಲ್‌ನಲ್ಲಿ ಹೊರಡಿಸಿದ 13ನೇ ಸುತ್ತೋಲೆಯಲ್ಲಿ, ಅನಿವಾಸಿ ನಾವಿಕನ ವೇತನ ಎನ್‌ಆರ್‌ಇ ಖಾತೆಗೆ ಜಮೆಯಾಯಿತೆಂಬ ಒಂದೇ ಕಾರಣಕ್ಕೆ ಅದನ್ನು ಭಾರತದ ಆದಾಯಕ್ಕೆ ಸೇರಿಸಬಾರದೆಂದು ಸ್ಪಷ್ಟಪಡಿಸಿತು. ಆದರೆ ಸುತ್ತೋಲೆ ಹೆಸರಿಸಿರುವುದು ನಾವಿಕರನ್ನು. ನೆಲದ ಮೇಲಿನ ಗೋದಾಮಿನಲ್ಲಿ ದುಡಿಯುವ ನೀವು ಅದನ್ನು ನಿಮ್ಮ ಪರವಾಗಿ ಉದಾಹರಿಸಬಹುದು, ಆದರೆ ಅದನ್ನೇ ನಂಬಿ ಕೂರಲಾಗದು.

ನಿಮ್ಮ ಕೈಯಲ್ಲಿರುವ ಇನ್ನೊಂದು ಆಧಾರ ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದ. ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 183 ದಿನವಾದರೂ ಯುಎಇಯಲ್ಲಿದ್ದವರು ಆ ಒಪ್ಪಂದದ ಮಟ್ಟಿಗೆ ಅಲ್ಲಿನ ನಿವಾಸಿಗಳು. ಅಲ್ಲಿಯೇ ಮಾಡಿದ ಕೆಲಸದ ಸಂಬಳಕ್ಕೆ ತೆರಿಗೆ ಹಾಕುವ ಹಕ್ಕು ಆಗ ಆ ದೇಶಕ್ಕೆ ಮಾತ್ರ ಇರುತ್ತದೆ. ಇದನ್ನು ಕೇಳಿ ಪಡೆಯಲು ಅಲ್ಲಿನ ತೆರಿಗೆ ಪ್ರಾಧಿಕಾರ ಕೊಡುವ ತೆರಿಗೆ ನಿವಾಸ ಪ್ರಮಾಣಪತ್ರ ಬೇಕು. ರಕ್ಷಣೆ ಗಟ್ಟಿಯಾದದ್ದೇ, ಆದರೂ ಪ್ರತಿ ವರ್ಷ ಪ್ರಮಾಣಪತ್ರ ತರಿಸಿ, ರಿಟರ್ನ್ ಸಲ್ಲಿಸಿ, ಕೇಳಿದಾಗ ಉತ್ತರಿಸುವ ಕೆಲಸವನ್ನು ಸುಮ್ಮನೆ ಮೈಮೇಲೆ ಎಳೆದುಕೊಳ್ಳುವುದೇಕೆ ಎಂಬುದು ನನ್ನ ಪ್ರಶ್ನೆ.

ಕಂಪನಿಯ ಕಡೆಯಿಂದಲೂ ಒಂದು ಅಡ್ಡಿ ಇದೆ. ಯುಎಇಯಲ್ಲಿ 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ ಜಾರಿಯಲ್ಲಿದ್ದು, ಕಾರ್ಮಿಕ ಸಚಿವಾಲಯದಲ್ಲಿ ನೋಂದಾಯಿತವಾದ ಖಾಸಗಿ ಕಂಪನಿಗಳು ಅದರ ಮೂಲಕವೇ ಸಂಬಳ ಕೊಡಬೇಕು. ಪ್ರತಿ ತಿಂಗಳು ಕಂಪನಿಯ ಲೆಕ್ಕ ವಿಭಾಗವು ನೌಕರರ ಹೆಸರಿನೆದುರು ಖಾತೆಯ ಐಬಾನ್ ಸಂಖ್ಯೆಯನ್ನೂ ಮೊತ್ತವನ್ನೂ ನಮೂದಿಸಿದ ಸಂಬಳದ ಕಡತವನ್ನು ಬ್ಯಾಂಕಿಗೆ ಕಳುಹಿಸುತ್ತದೆ, ಸಚಿವಾಲಯ ಅದನ್ನು ಒಪ್ಪಂದದ ಮೊತ್ತದೊಂದಿಗೆ ತಾಳೆ ನೋಡುತ್ತದೆ. ಕುಂದಾಪುರದ ಖಾತೆ ಆ ಕಡತದೊಳಗೆ ಬರುವುದಿಲ್ಲ. 3,000 ದಿರ್ಹಮನ್ನು ವ್ಯವಸ್ಥೆಯ ಮೂಲಕವೂ 5,000ವನ್ನು ಹೊರಗಿನಿಂದಲೂ ಕೊಟ್ಟರೆ, ಸಚಿವಾಲಯದ ಪರದೆಯಲ್ಲಿ ನಿಮಗೆ 5,000 ಬಾಕಿ ಇರುವಂತೆ ಕಾಣುತ್ತದೆ. ಆದ್ದರಿಂದ ಮಾನವ ಸಂಪನ್ಮೂಲ ವಿಭಾಗದವರು ‘ಆಗುವುದಿಲ್ಲ’ ಎಂದರೆ ಅದನ್ನು ಉದಾಸೀನವೆಂದು ತಿಳಿಯಬೇಡಿ. ದುಬೈ ಬ್ಯಾಂಕಿನಲ್ಲಿ ಸಂಬಳದ ಆಧಾರದ ಮೇಲೆ ಸಾಲ ಪಡೆದಿದ್ದರಂತೂ ಪೂರ್ತಿ ಸಂಬಳ ಅಲ್ಲಿಗೇ ಬರಬೇಕೆಂಬ ಷರತ್ತು ಇದೆಯೇ ಎಂದು ಸಾಲದ ಪತ್ರವನ್ನು ಒಮ್ಮೆ ತೆರೆದು ನೋಡಿ.

ಇಷ್ಟಾದರೂ ಕಂಪನಿ ಒಪ್ಪುವುದಾದರೆ, ಅರ್ಜಿಯ ಪದಗಳಲ್ಲಿ ಎಚ್ಚರ ಬೇಕು. ಇದಕ್ಕೆ ಒಂದು ಹಳೆಯ ಕಥೆಯಿದೆ. ಔಂಧ್ ಸಂಸ್ಥಾನದ ಓಗಲೆ ಗಾಜಿನ ಕಾರ್ಖಾನೆ ಸರ್ಕಾರಕ್ಕೆ ಸರಕು ಪೂರೈಸಿ, ಬಿಲ್ಲಿನ ಹಣವನ್ನು ಚೆಕ್ ಮೂಲಕ ಕಳುಹಿಸಿಕೊಡಿ ಎಂದು ಕೋರಿತ್ತು. ಚೆಕ್ಕುಗಳು ದೆಹಲಿಯಿಂದ ಅಂಚೆಯಲ್ಲಿ ಹೊರಟು ಸಂಸ್ಥಾನದಲ್ಲಿ ಕೈಸೇರಿದವು. ಹಣ ಎಲ್ಲಿ ಸಂದಿತು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1954ರಲ್ಲಿ ದೆಹಲಿಯಲ್ಲಿ ಎಂದಿತು: ಪಡೆಯುವವನ ಕೋರಿಕೆಯಂತೆ ಕಳುಹಿಸಿದಾಗ ಅಂಚೆ ಇಲಾಖೆ ಅವನ ಪ್ರತಿನಿಧಿಯಾಗುತ್ತದೆ, ಪ್ರತಿನಿಧಿಗೆ ಕೊಟ್ಟ ಜಾಗವೇ ಪಾವತಿಯ ಜಾಗ. ಆಗ ದೆಹಲಿ ಬ್ರಿಟಿಷ್ ಭಾರತದ ತೆರಿಗೆಯ ವ್ಯಾಪ್ತಿಯೊಳಗೂ ಸಂಸ್ಥಾನ ಅದರ ಹೊರಗೂ ಇದ್ದುದರಿಂದ ಕಾರ್ಖಾನೆಗೆ ಇದು ಸೋಲು. ನಿಮ್ಮ ವಿಷಯದಲ್ಲಿ ಇದೇ ತರ್ಕ ತಿರುಗಿ ನಿಮ್ಮ ನೆರವಿಗೆ ಬರಬಹುದು, ಏಕೆಂದರೆ ನಿಮ್ಮ ಲಿಖಿತ ಕೋರಿಕೆಯಂತೆ ನಿಮ್ಮ ಪ್ರತಿನಿಧಿಯಾದ ಬ್ಯಾಂಕಿಗೆ ಹಣ ಕೊಟ್ಟದ್ದು ದುಬೈಯಲ್ಲಿ. ಅರ್ಜಿಯಲ್ಲಿ ಆ ಕೋರಿಕೆ ಸ್ಪಷ್ಟವಾಗಿರಬೇಕು. ಕಚೇರಿಗೆ ಇಂಗ್ಲಿಷಿನಲ್ಲಿ ಕೊಡುವಾಗಲೂ ಸಾರಾಂಶ ಹೀಗಿರಲಿ:

> ಮಾನ್ಯರೇ, ನನ್ನ ಮಾಸಿಕ ವೇತನವು ದುಬೈಯಲ್ಲಿ ದಿರ್ಹಂ ರೂಪದಲ್ಲಿ ನನಗೆ ಸಲ್ಲತಕ್ಕದ್ದಾಗಿದೆ. ಅದರಲ್ಲಿ 5,000 ದಿರ್ಹಮನ್ನು, ಮುಂದಿನ ತಿಂಗಳ ವೇತನದಿಂದ ಆರಂಭಿಸಿ ನಾನು ಲಿಖಿತವಾಗಿ ರದ್ದುಪಡಿಸುವವರೆಗೆ, ದುಬೈಯಲ್ಲಿರುವ ಬ್ಯಾಂಕಿಗೆ ನನ್ನ ಪರವಾಗಿ ಒಪ್ಪಿಸಿ, ಭಾರತದಲ್ಲಿರುವ ನನ್ನ ಸ್ವಂತ ಎನ್‌ಆರ್‌ಇ ಖಾತೆಗೆ ರವಾನಿಸುವಂತೆ ಕೋರುತ್ತೇನೆ. ಹೀಗೆ ಒಪ್ಪಿಸಿದೊಡನೆ ಆ ಮೊತ್ತ ನನಗೆ ದುಬೈಯಲ್ಲಿಯೇ ಸಂದಾಯವಾದಂತೆ. ರವಾನೆಯ ಶುಲ್ಕ ಮತ್ತು ವಿನಿಮಯ ದರದ ಏರಿಳಿತ ನನ್ನದು. ಮಾಸಿಕ ವೇತನ ಚೀಟಿಯಲ್ಲಿ ಪೂರ್ತಿ 8,000 ದಿರ್ಹಮನ್ನೂ ರವಾನೆಯಾದ ಮೊತ್ತವನ್ನೂ ಬೇರೆಬೇರೆಯಾಗಿ ತೋರಿಸಬೇಕಾಗಿ ವಿನಂತಿ.

ಇದರ ಜೊತೆಗೆ ಪಾಸ್‌ಬುಕ್ಕಿನಲ್ಲಿರುವಂತೆಯೇ ನಿಮ್ಮ ಹೆಸರು, ಖಾತೆ ಸಂಖ್ಯೆ, ಶಾಖೆಯ ಐಎಫ್‌ಎಸ್‌ಸಿ ಮತ್ತು ಬ್ಯಾಂಕಿನ ಸ್ವಿಫ್ಟ್ ಸಂಕೇತವನ್ನು ಕೊಡಿ. ವೀಸಾದಲ್ಲಿ ತಂದೆಯ ಹೆಸರು ಸೇರಿ ಉದ್ದವಾಗಿದ್ದು, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಹಣ ವಾರಗಟ್ಟಲೆ ನಡುವೆ ನಿಂತುಬಿಡುವುದುಂಟು. ಮೊತ್ತವನ್ನು ದಿರ್ಹಮಿನಲ್ಲೇ ಹೇಳಿ. ‘ಸಂಬಳದ ಅರ್ಧ’ ಎಂದು ಬರೆದರೆ ರಜೆಯ ಕಡಿತವಾದ ತಿಂಗಳಲ್ಲಿ ಯಾವುದರ ಅರ್ಧ ಎಂಬ ಗೊಂದಲ ಹುಟ್ಟುತ್ತದೆ.

ನನ್ನ ಸಲಹೆಯನ್ನು ಕೇಳುವುದಾದರೆ, ಈ ಅರ್ಜಿಯನ್ನು ಕೊಡಲೇಬೇಡಿ. ಪೂರ್ತಿ 8,000 ದಿರ್ಹಂ ದುಬೈ ಖಾತೆಗೆ ಬೀಳಲಿ. ಆ ಬ್ಯಾಂಕಿಗೇ ಪ್ರತಿ ತಿಂಗಳು 5,000 ದಿರ್ಹಮನ್ನು ನಿಮ್ಮ ಎನ್‌ಆರ್‌ಇ ಖಾತೆಗೆ ಕಳುಹಿಸುವಂತೆ ಸ್ಥಾಯಿ ಸೂಚನೆ ಕೊಡಿ, ರವಾನೆಯ ಉದ್ದೇಶವನ್ನು ಕುಟುಂಬ ನಿರ್ವಹಣೆ ಮತ್ತು ಉಳಿತಾಯ ಎಂದು ನಮೂದಿಸಿ. ನಿಮಗೆ ಬೇಕಾದ ಅನುಕೂಲವೆಲ್ಲ ಇದರಲ್ಲಿ ಸಿಗುತ್ತದೆ, ಸಂಬಳ ದುಬೈಯಲ್ಲಿ ಕೈಸೇರಿತೆಂಬುದಕ್ಕೆ ಬ್ಯಾಂಕಿನ ತಿಂಗಳ ಪಟ್ಟಿಯೇ ಸಾಕ್ಷಿಯಾಗುತ್ತದೆ. ಆ ಪಟ್ಟಿಗಳನ್ನು ವರ್ಷವಾರು ಇಳಿಸಿಕೊಂಡು ಇಟ್ಟುಕೊಳ್ಳಿ. ಕೆಲಸ ಬಿಟ್ಟು ಖಾತೆ ಮುಚ್ಚಿದ ಮೇಲೆ ಅವನ್ನು ಪಡೆಯುವುದು ಸುಲಭವಲ್ಲ.

ದಿನಾಂಕದ ವಿಷಯದಲ್ಲಿ ಮಾತ್ರ ಕಂಪನಿಯನ್ನು ಕೇಳಬೇಕಾದದ್ದಿದೆ. ಸಂಬಳ 1ಕ್ಕೋ 2ಕ್ಕೋ ಬಿದ್ದು ನಡುವೆ ಅಲ್ಲಿನ ಶನಿವಾರ, ಭಾನುವಾರದ ರಜೆಯೂ ಇಲ್ಲಿನ ಬ್ಯಾಂಕ್ ರಜೆಯೂ ಬಂದರೆ, 5ರೊಳಗೆ ಹಣ ಕುಂದಾಪುರವನ್ನು ಮುಟ್ಟದೆ ಕಂತು ತಪ್ಪುತ್ತದೆ. ಸಂಬಳದ ನಿಶ್ಚಿತ ದಿನವನ್ನು ಬರಹದಲ್ಲಿ ಕೇಳಿ ತಿಳಿದು, ಸ್ಥಾಯಿ ಸೂಚನೆಯನ್ನು ಅದರ ಮರುದಿನಕ್ಕೆ ಇಡಿ. ಅಂತರ ಸಾಲದಿದ್ದರೆ ಕಂತಿನ ದಿನವನ್ನು 10ಕ್ಕೆ ಬದಲಿಸಿಕೊಡುವಂತೆ ಸಾಲ ಕೊಟ್ಟ ಬ್ಯಾಂಕನ್ನು ಕೋರಿ. ಎನ್‌ಆರ್‌ಇ ಖಾತೆ ತೆರೆದ ಮೊದಲ ತಿಂಗಳು ಒಂದು ಕಂತಿನಷ್ಟು ಹಣವನ್ನು ಅದರಲ್ಲಿ ಹೆಚ್ಚುವರಿಯಾಗಿ ಬಿಟ್ಟು, ಅದನ್ನು ಮುಟ್ಟಬಾರದೆಂದು ತಂದೆಯವರಿಗೂ ಹೇಳಿಡಿ.