'ನೊ' ಬಂದ ಮೇಲೆ ಪೆರೊ, ಸಿನೊ, ಸಿನೊ ಕೆ: ಯಾವುದು ಯಾವಾಗ?

ಪ್ರಶ್ನೆ: "ಸ್ಪ್ಯಾನಿಷ್ ಕಲೀತಾ ಇದ್ದೀನಿ. 'ಆದರೆ'ಗೆ ಪೆರೊ ಅಂತ ಓದಿದ್ದೆ. ಈಗ 'ನೊ' ಇರೋ ವಾಕ್ಯಗಳಲ್ಲಿ ಸಿನೊ, ಸಿನೊ ಕೆ ಅಂತೆಲ್ಲ ಬರ್ತಿದೆ. ಯಾವಾಗ ಯಾವುದನ್ನ ಹಾಕ್ಬೇಕು, ಯಾರಾದ್ರೂ ಹೇಳ್ತೀರಾ?"

ಮೊದಲ ಭಾಗದಲ್ಲಿ 'ನೊ' ಕಂಡ ತಕ್ಷಣ ಸಿನೊ ಹಾಕಬೇಕು ಅಂತೇನಿಲ್ಲ. 'ನೊ' ಆದ ಮೇಲೂ ಪೆರೊ ಧಾರಾಳವಾಗಿ ಬರುತ್ತದೆ. ನೋಡಬೇಕಾದದ್ದು ಎರಡನೇ ಭಾಗ ಏನು ಮಾಡುತ್ತಿದೆ ಅನ್ನುವುದನ್ನು. ಮೊದಲು ಹೇಳಿದ್ದನ್ನು ಹಾಗೇ ಬಿಟ್ಟು, ಅದರ ಜೊತೆಗೆ ಇನ್ನೊಂದು ಸಂಗತಿ ಸೇರಿಸುತ್ತಿದ್ದರೆ ಪೆರೊ. "ಅದಲ್ಲ, ಇದು" ಅಂತ ಮೊದಲಿನದನ್ನು ಎಬ್ಬಿಸಿ, ಅದೇ ಜಾಗದಲ್ಲಿ ಬೇರೆಯದನ್ನು ಕೂರಿಸುತ್ತಿದ್ದರೆ ಸಿನೊ.

ಒಂದೇ ಪದಗಳನ್ನಿಟ್ಟುಕೊಂಡು ನೋಡೋಣ. ತೊಂತೊ ಅಂದರೆ ದಡ್ಡ, ಬಾಗೊ ಅಂದರೆ ಸೋಮಾರಿ. (ಸ್ಪ್ಯಾನಿಷ್ ಮಾತುಗಳನ್ನು ಕೇಳಿಸುವ ಹಾಗೆ ಬರೆಯುತ್ತಿದ್ದೇನೆ.)

ನೊ ಎಸ್ ತೊಂತೊ, ಪೆರೊ ಎಸ್ ಬಾಗೊ.
ನೊ ಎಸ್ ತೊಂತೊ, ಸಿನೊ ಬಾಗೊ.

ವ್ಯಾಕರಣದ ಪ್ರಕಾರ ಎರಡೂ ಸರಿ, ಅರ್ಥ ಮಾತ್ರ ಬೇರೆ. ಮೊದಲನೆಯದು ಹುಡುಗನ ಬಗ್ಗೆ ಎರಡು ಸಂಗತಿ ಹೇಳುತ್ತದೆ: ದಡ್ಡನಲ್ಲ, ಅದು ಸಂತೋಷ, ಆದರೆ ಸೋಮಾರಿ, ಅದೊಂದು ಕೊರತೆ. ಎರಡನೆಯದರಲ್ಲಿ ಇರುವುದು ತಿದ್ದುಪಡಿ. ಯಾರೋ ಅವನನ್ನು ದಡ್ಡ ಅಂದಿದ್ದಾರೆ, ಅಥವಾ ಹಾಗಂದುಕೊಂಡಿದ್ದಾರೆ. ಅದಕ್ಕೆ ಉತ್ತರವಾಗಿ "ದಡ್ಡತನ ಅಲ್ಲ ಕಣ್ರೀ ಅದು, ಸೋಮಾರಿತನ" ಅಂತ ಹೇಳಿದ ಹಾಗೆ. ಮಾರ್ಕ್ಸ್ ಕಮ್ಮಿ ಬಂದದ್ದಕ್ಕೆ ಕಾರಣ ಏನು ಅನ್ನುವ ಮಾತು ನಡೆಯುತ್ತಿದ್ದರೆ ಬೇಕಾಗುವುದು ಈ ಎರಡನೆಯದು.

ನಮ್ಮಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಮೂಲಕ. ಇಂಗ್ಲಿಷ್‌ನಲ್ಲಿ ಎರಡಕ್ಕೂ 'ಬಟ್' ಒಂದೇ ಸಾಕು. ತೊಡಕು ಶುರುವಾಗುವುದೇ ಅಲ್ಲಿ. ಕನ್ನಡದ ಮೂಲಕ ಯೋಚನೆ ಮಾಡಿದರೆ ಇದು ಎಷ್ಟೋ ಸುಲಭ, ಯಾಕಂದರೆ ನಾವೂ ಇವೆರಡನ್ನು ಬೇರೆ ಬೇರೆಯಾಗಿಯೇ ಹೇಳುತ್ತೇವೆ. "ನನಗೆ ಬೇಕಾಗಿರೋದು ಟೀ ಅಲ್ಲ, ಕಾಫಿ" ಅನ್ನುತ್ತೇವೆ. ಅಲ್ಲಿ 'ಆದರೆ' ಹಾಕಿ ನೋಡಿ, ಕಿವಿಗೆ ಒಗ್ಗುವುದಿಲ್ಲ ಅಲ್ವಾ? ಹೀಗೆ 'ಅಲ್ಲ' ಅಂತ ನಿಲ್ಲಿಸಿ, 'ಆದರೆ' ಇಲ್ಲದೆಯೇ ಮುಂದಿನದನ್ನು ಹೇಳಲು ಬಂದರೆ, ಸ್ಪ್ಯಾನಿಷ್‌ನಲ್ಲಿ ಅಲ್ಲಿ ಸಿನೊ: ನೊ ಕಿಯೆರೊ ತೆ, ಸಿನೊ ಕಾಫೆ.

ಈ ಪರೀಕ್ಷೆ ಮಾಡುವಾಗ ವಾಕ್ಯವನ್ನು '-ಓದು ... ಅಲ್ಲ' ರೂಪಕ್ಕೆ ತಿರುಗಿಸಿಕೊಳ್ಳಿ. ಇದು ಮುಖ್ಯ. "ನನ್ನ ಹತ್ರ ಕಾರಿಲ್ಲ, ಬೈಕಿದೆ" ಅನ್ನುವುದರಲ್ಲೂ 'ಆದರೆ' ಇಲ್ಲ, ಹಾಗಂತ ಇಲ್ಲಿ ಸಿನೊ ಬರುವುದಿಲ್ಲ. ಕಾರಿಲ್ಲ ಅನ್ನುವುದು ಒಂದು ಸಂಗತಿ, ಬೈಕಿದೆ ಅನ್ನುವುದು ಇನ್ನೊಂದು. ಸ್ಪ್ಯಾನಿಷ್‌ನವರು ಇದನ್ನು ಚೊಕ್ಕವಾಗಿ ಹೀಗೆ ಹೇಳುತ್ತಾರೆ: ನೊ ತೆಂಗೊ ಕೊಚೆ, ಪೆರೊ ಸಿ ಮೊತೊ. ಆ 'ಸಿ' ಅಂದರೆ ಹೌದು. ಅದು ಇಲ್ಲ, ಇದು ಮಾತ್ರ ಇದೆ ಅನ್ನುವ ಒತ್ತು ಅದರಿಂದ ಬರುತ್ತದೆ. ನೊ ತೆಂಗೊ ಕೊಚೆ, ಸಿನೊ ಮೊತೊ ಅಂದರೆ "ನನ್ನ ಹತ್ರ ಇರೋದು ಕಾರಲ್ಲ, ಬೈಕು" ಅಂತ ಆಗುತ್ತದೆ. ನಿಮ್ಮ ಹತ್ರ ಕಾರಿದೆ ಅಂತ ತಪ್ಪು ತಿಳಿದವರಿಗೆ ಮಾತ್ರ ಹೀಗೆ ಹೇಳಬಹುದು.

ಇನ್ನು 'ಕೆ' ವಿಷಯ. ಸಿನೊನೇ ಬೇಕು ಅಂತ ತೀರ್ಮಾನ ಆದ ಮೇಲಷ್ಟೇ ಇದನ್ನು ಯೋಚಿಸಿ. ಎಷ್ಟೋ ಜನ ಎರಡನ್ನೂ ಒಟ್ಟಿಗೆ ಯೋಚಿಸಲು ಹೋಗಿ ಗೋಜಲು ಮಾಡಿಕೊಳ್ಳುತ್ತಾರೆ. ಸಿನೊ ಮುಂದೆ ಕಾಲ, ಪುರುಷಕ್ಕೆ ತಕ್ಕ ಹಾಗೆ ರೂಪ ಬದಲಾಯಿಸಿದ ಕ್ರಿಯಾಪದ ಬಂದರೆ 'ಕೆ' ಸೇರಿಸಬೇಕು. ಹೆಸರು, ಗುಣ, ಜಾಗ ಇಂಥವು ಬಂದರೆ ಬೇಡ. ಒಂದೇ ಆರಂಭಕ್ಕೆ ಮೂರು ಮುಕ್ತಾಯ ಕೊಟ್ಟು ನೋಡೋಣ.

ನೊ ಫುಯಿ ಆಲ್ ಸಿನೆ, ಪೆರೊ ಬಿ ಲಾ ಪೆಲಿಕುಲಾ ಎನ್ ಕಾಸಾ. ಥಿಯೇಟರಿಗೆ ಹೋಗಲಿಲ್ಲ, ಆದರೆ ಆ ಸಿನಿಮಾನ ಮನೆಯಲ್ಲಿ ನೋಡಿದೆ. ಹೋಗದೇ ಇದ್ದದ್ದೂ ನಿಜ, ನೋಡಿದ್ದೂ ನಿಜ. ಆದ್ದರಿಂದ ಪೆರೊ.

ನೊ ಫುಯಿ ಆಲ್ ಸಿನೆ, ಸಿನೊ ಆಲ್ ತೆಆತ್ರೊ. ಹೋಗಿದ್ದು ಸಿನಿಮಾಕ್ಕಲ್ಲ, ನಾಟಕಕ್ಕೆ. 'ಹೋದೆ' ಅನ್ನುವ ಕ್ರಿಯೆ ಎರಡಕ್ಕೂ ಒಂದೇ, ಬದಲಾದದ್ದು ಜಾಗ ಮಾತ್ರ. ಹಾಗಾಗಿ ಬರೀ ಸಿನೊ. ಇಲ್ಲಿ 'ಆಲ್' ಮತ್ತೆ ಬಂದಿದ್ದನ್ನು ಗಮನಿಸಿ. ಕನ್ನಡದಲ್ಲಿ ಎರಡು ಕಡೆಯೂ '-ಕ್ಕೆ' ಹಾಕುತ್ತೇವಲ್ಲ, ಹಾಗೇ.

ನೊ ಫುಯಿ ಆಲ್ ಸಿನೆ, ಸಿನೊ ಕೆ ಮೆ ಕೆದೆ ಎನ್ ಕಾಸಾ. ಸಿನಿಮಾಕ್ಕೆ ಹೋಗಲಿಲ್ಲ, ಅದರ ಬದಲು ಮನೆಯಲ್ಲೇ ಉಳಿದೆ. ಇಲ್ಲಿ ಬದಲಾದದ್ದು ಕ್ರಿಯೆಯೇ. 'ಮೆ ಕೆದೆ' ಅಂದರೆ 'ಉಳಿದೆ', ಅದು 'ನಾನು', 'ಆಗ' ಎರಡನ್ನೂ ಹೊತ್ತಿರುವ ಕ್ರಿಯಾಪದ. ಅದಕ್ಕೇ 'ಕೆ' ಬೇಕು. ಸಿನೊ ಮೆ ಕೆದೆ ಅಂತ ಬಿಟ್ಟರೆ ತಪ್ಪು.

ಕ್ರಿಯಾಪದ ಕಂಡಾಗಲೆಲ್ಲ 'ಕೆ' ಹಾಕುವುದೂ ತಪ್ಪು. ರೂಪ ಬದಲಾಗದ ಮೂಲರೂಪ ಇದ್ದರೆ 'ಕೆ' ಬರುವುದಿಲ್ಲ: ನೊ ಕಿಯೆರೊ ದೊರ್ಮಿರ್, ಸಿನೊ ಕೊಮೆರ್. ನನಗೆ ಬೇಕಾಗಿರೋದು ಮಲಗೋದಲ್ಲ, ತಿನ್ನೋದು. ಕನ್ನಡದಲ್ಲೂ 'ಮಲಗೋದು', 'ತಿನ್ನೋದು' ಹೆಸರಿನ ಹಾಗೇ ನಡೆದುಕೊಳ್ಳುತ್ತವೆ ನೋಡಿ.

"ಅಷ್ಟೇ ಅಲ್ಲ, ಅದೂ" ಅನ್ನುವಾಗಲೂ ಇದೇ ಲೆಕ್ಕ. ನೊ ಸೊಲೊ ಆಬ್ಲಾ ಎಸ್ಪಾನ್ಯೋಲ್, ಸಿನೊ ತಾಂಬಿಯೆನ್ ಫ್ರಾನ್ಸೆಸ್: ಸ್ಪ್ಯಾನಿಷ್ ಅಷ್ಟೇ ಅಲ್ಲ, ಫ್ರೆಂಚ್ ಕೂಡ ಮಾತಾಡುತ್ತಾಳೆ. ಎರಡನೇ ಕಡೆ ಕ್ರಿಯಾಪದ ಬಂದರೆ, ನೊ ಸೊಲೊ ಕಾಂತಾ, ಸಿನೊ ಕೆ ತಾಂಬಿಯೆನ್ ಬೈಲಾ: ಹಾಡೋದಷ್ಟೇ ಅಲ್ಲ, ಕುಣಿಯುತ್ತಾಳೆ ಕೂಡ. ಇಲ್ಲಿ ಮೊದಲನೆಯದು ಸುಳ್ಳಾಗುವುದಿಲ್ಲ, ಮತ್ತೆ ಸಿನೊ ಯಾಕೆ ಅಂತ ಕೇಳಬಹುದು. ತೆಗೆದುಹಾಕುತ್ತಿರುವುದು 'ಅಷ್ಟೇ' ಅನ್ನುವುದನ್ನು.

ನನಗೆ ತುಂಬಾ ಇಷ್ಟವಾದ, ದಿನಾ ಬಳಕೆಗೆ ಬರುವ ಒಂದು ಮಾತನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ: ನೊ ಎಸ್ ಕೆ ನೊ ಕಿಯೆರಾ, ಸಿನೊ ಕೆ ನೊ ಪುಯೆದೊ. "ಇಷ್ಟ ಇಲ್ಲ ಅಂತಲ್ಲ, ನನ್ನ ಕೈಲಿ ಆಗಲ್ಲ." ಕರೆದ ಕಡೆ ಹೋಗಲಾಗದಾಗ ನಾವು ಹೇಳುವುದೂ ಇದನ್ನೇ, ನಮ್ಮ 'ಅಂತಲ್ಲ' ಅಲ್ಲಿನ 'ನೊ ಎಸ್ ಕೆ' ಮೇಲೆ ಸರಿಯಾಗಿ ಕೂರುತ್ತದೆ. ಒಂದು ಸೂಕ್ಷ್ಮ ಇದೆ. ಮೊದಲ ಭಾಗದಲ್ಲಿ ಕಿಯೆರೊ ಅಲ್ಲ, ಕಿಯೆರಾ. ನಿಜ ಅಂತ ಒಪ್ಪದ ಮಾತಾದ್ದರಿಂದ ಸಬ್ಜಂಕ್ಟಿವ್ ರೂಪ. ಎರಡನೇ ಭಾಗ ನಿಜವಾದ ಕಾರಣ, ಹಾಗಾಗಿ ಮಾಮೂಲಿ ಪುಯೆದೊ.

ಬರೆಯುವಾಗ ಸಿನೊ ಮುಂಚೆ ಕಾಮಾ ಹಾಕಿ, ಮತ್ತೆ ಅದನ್ನು ಒಂದೇ ಪದವಾಗಿ ಬರೆಯಿರಿ. ಬಿಡಿಸಿ 'ಸಿ ನೊ' ಅಂತ ಬರೆದರೆ 'ಇಲ್ಲದಿದ್ದರೆ' ಅಂತ ಅರ್ಥ: ಸಿ ನೊ ಪುಯೆದೆಸ್, ನೊ ಬೆಂಗಾಸ್, ಆಗದಿದ್ದರೆ ಬರಬೇಡ. ಬಾಯಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ಒಂದೇ ಪದವಾದ ಸಿನೊದಲ್ಲಿ 'ನೊ' ಮೇಲೆ ಒತ್ತು ಬೀಳುವುದಿಲ್ಲ, ಬಿಡಿಸಿದಾಗ ಬೀಳುತ್ತದೆ.