ಓಪನಿಂಗ್ ಬ್ಯಾಲೆನ್ಸನ್ನು ಫಾರ್ಮುಲಾದಿಂದ ತರಬೇಡಿ, ಸ್ಟೇಟ್‌ಮೆಂಟ್ ನೋಡಿ ಟೈಪ್ ಮಾಡಿ

*"ನರ್ಸರಿಗೆ ಬೇರೆ ಬ್ಯಾಂಕಿನಲ್ಲಿ ಸಾಲಕ್ಕೆ ಹಾಕ್ತಿದ್ದೇನೆ. ಈಗಿರುವ ಓಡಿ ಖಾತೆಯ 2024-25ರ ಹನ್ನೆರಡು ಸ್ಟೇಟ್‌ಮೆಂಟ್ ಎಕ್ಸೆಲ್‌ಗೆ ಹಾಕಿ ಜೋಡಿಸಿದೆ. ಓಪನಿಂಗ್ ಕಾಲಂಗೆ ಹಿಂದಿನ ತಿಂಗಳ ಕ್ಲೋಸಿಂಗ್ ಬರುವ ಹಾಗೆ ಫಾರ್ಮುಲಾ ಕೊಟ್ಟಿದ್ದೇನೆ, ಹನ್ನೆರಡೂ ತಿಂಗಳು ಸರಿ ತೋರಿಸ್ತಿದೆ. ಆದರೆ ಮಾರ್ಚ್ ಕೊನೆಗೆ ಬ್ಯಾಂಕಿಗಿಂತ ನನ್ನದು 250 ರೂಪಾಯಿ ಜಾಸ್ತಿ ಬರ್ತಿದೆ. ಬ್ಯಾಂಕ್ ಚಾರ್ಜ್ ಅಂತ ಒಂದು ಸಾಲು ಹಾಕಿ ಮುಗಿಸಲಾ?"*

ಅಕ್ಕಾ, ಆ ಸಾಲು ಹಾಕಬೇಡಿ. ನಾನೂ ಒಂದು ಕಾಲದಲ್ಲಿ ಹೀಗೇ ಮಾಡುತ್ತಿದ್ದೆ, ಅದಕ್ಕೇ ನೋಡಿದ ತಕ್ಷಣ ಬರೆಯುತ್ತಿದ್ದೇನೆ. ಹಿಂದಿನ ತಿಂಗಳ ಕ್ಲೋಸಿಂಗನ್ನೇ ಫಾರ್ಮುಲಾದಿಂದ ಓಪನಿಂಗ್‌ಗೆ ತಂದು, ಆಮೇಲೆ ಎರಡೂ ಒಂದೇ ಇದೆಯಾ ಅಂತ ನೋಡಿದರೆ ಒಂದೇ ಇರುತ್ತದೆ. ಇಲ್ಲದೆ ಇನ್ನೇನು? ನಡುವೆ ಒಂದು ಇಡೀ ತಿಂಗಳು ಬಿಟ್ಟುಹೋದರೂ ಅದು ಸರಿ ಅಂತಲೇ ತೋರಿಸುತ್ತದೆ.

ಓಪನಿಂಗ್ ಮತ್ತು ಕ್ಲೋಸಿಂಗ್ ಎರಡನ್ನೂ ಸ್ಟೇಟ್‌ಮೆಂಟಿನಲ್ಲಿ ಅಚ್ಚಾಗಿರುವುದನ್ನು ನೋಡಿ ಕೈಯಾರೆ ಟೈಪ್ ಮಾಡಿ. ಹನ್ನೆರಡು ತಿಂಗಳಿಗೆ ಇಪ್ಪತ್ನಾಲ್ಕು ಅಂಕಿ, ಅಷ್ಟೇ. ಕಾಪಿ ಪೇಸ್ಟ್ ಬೇಡ, ಫಾರ್ಮುಲಾ ಬೇಡ. ಫಾರ್ಮುಲಾ ಇರಬೇಕಾದ್ದು ವ್ಯತ್ಯಾಸದ ಕಾಲಂನಲ್ಲಿ ಮಾತ್ರ.

ನೀವು ಹಾಕಿರುವ ತಿಂಗಳ ಪಟ್ಟಿ ಮತ್ತು ಸ್ಟೇಟ್‌ಮೆಂಟಿನ ಮೊದಲ, ಕೊನೆಯ ಪುಟಗಳ ಫೋಟೋ ನೋಡಿದೆ. ಖಾತೆ ನಂಬರ್ ಮುಚ್ಚಿದ್ದೀರಿ, ಒಳ್ಳೆಯದು. ಆಗಸ್ಟ್ ಕ್ಲೋಸಿಂಗ್ 42,615.50 ಅಂತ ಅಚ್ಚಾಗಿದೆ. ಸೆಪ್ಟೆಂಬರ್ ಓಪನಿಂಗ್ 39,865.50. ವ್ಯತ್ಯಾಸ 2,750. ಈಗ ಆಗಸ್ಟಿನ ಮೊದಲ ಪುಟದ ತಲೆಯಲ್ಲಿ ಅವಧಿ ನೋಡಿ: 01/08/2024 ರಿಂದ 30/08/2024. 31 ಎಲ್ಲಿ ಹೋಯಿತು? ಅವತ್ತು ಶನಿವಾರ, ಆದರೆ ಐದನೇ ಶನಿವಾರ, ಬ್ಯಾಂಕಿಗೆ ರಜೆ ಇರಲಿಲ್ಲ. ರಜೆ ಇದ್ದರೂ ಯುಪಿಐ ನಿಲ್ಲುವುದಿಲ್ಲ, ಅದು ಬೇರೆ ಮಾತು. ನೆಟ್ ಬ್ಯಾಂಕಿಂಗ್‌ನಲ್ಲಿ 31/08 ರಿಂದ 31/08 ಅಂತ ಒಂದೇ ದಿನದ್ದು ತೆಗೆಯಿರಿ. ಅದರ ಓಪನಿಂಗ್ 42,615.50, ಕ್ಲೋಸಿಂಗ್ 39,865.50 ಬಂದರೆ ಆಗಸ್ಟ್, ಸೆಪ್ಟೆಂಬರ್ ನಡುವಿನ ಕೊಂಡಿ ಸರಿಯಾಯಿತು. 2,750 ಒಂದೇ ಎಂಟ್ರಿ ಇರಬಹುದು, ನಾಲ್ಕೈದು ಸೇರಿದ್ದೂ ಇರಬಹುದು. ಅದು ಆ ಹಾಳೆ ನೋಡಿದ ಮೇಲೇ ಗೊತ್ತಾಗುವುದು.

ಅಂದರೆ ನಿಮ್ಮ ಲೆಕ್ಕ 2,750 ಜಾಸ್ತಿ ಬರಬೇಕಿತ್ತು. ಬಂದಿರುವುದು 250. ಹಾಗಾದರೆ ಇನ್ನೆಲ್ಲೋ 2,500 ಕಡಿಮೆ ಆಗಿದೆ ಅಂತ ಅರ್ಥ, ಅಲ್ವಾ?

ಅದು ನವೆಂಬರ್‌ನಲ್ಲಿದೆ. ಅಕ್ಟೋಬರ್ ಜೊತೆ ಕೊಂಡಿ ಸರಿಯಿದೆ, ಡಿಸೆಂಬರ್ ಜೊತೆಯೂ ಸರಿಯಿದೆ, ಅದಕ್ಕೇ ಬರೀ ಕೊಂಡಿ ನೋಡಿದರೆ ಸಿಗುವುದಿಲ್ಲ. ಅಚ್ಚಾದ ಓಪನಿಂಗ್ 61,240. ನಿಮ್ಮ ಶೀಟಿನಲ್ಲಿ ಜಮೆ ಒಟ್ಟು 22,000, ಡೆಬಿಟ್ ಒಟ್ಟು 38,900. ಕೂಡಿ ಕಳೆದರೆ 44,340 ಉಳಿಯಬೇಕು. ಅಚ್ಚಾದ ಕ್ಲೋಸಿಂಗ್ 46,840. ಸರಿಯಾಗಿ 2,500 ಕಡಿಮೆ. ಶೀಟಿನ ಲೆಕ್ಕ ಕಡಿಮೆ ಬಂದಿದೆ ಅಂದರೆ ಒಂದೋ 2,500ರ ಜಮೆ ಬಿಟ್ಟುಹೋಗಿದೆ, ಇಲ್ಲವೇ 2,500ರ ಡೆಬಿಟ್ ಎರಡು ಸಲ ಬಂದಿದೆ. ಇನ್ನೊಂದು ಸಾಧ್ಯತೆ, 1,250ರ ಜಮೆ ಡೆಬಿಟ್ ಕಾಲಂಗೆ ಹೋಗಿ ಕೂತಿದೆ. ಹಾಗಾದಾಗ ವ್ಯತ್ಯಾಸ ಎಂಟ್ರಿಯ ಎರಡರಷ್ಟು ಬರುತ್ತದೆ. ಪಿಡಿಎಫ್‌ನಿಂದ ಎಳೆದದ್ದಾದರೆ ನಾನು ಮೊದಲು ಪುಟ ಮುಗಿಯುವ ಜಾಗ ನೋಡುತ್ತೇನೆ. ವಿವರ ಎರಡು ಸಾಲಿಗೆ ಹೋದ ಎಂಟ್ರಿ ಪುಟದ ತುದಿಯಲ್ಲಿದ್ದರೆ ಅದೇ ಮೊದಲು ಕಾಣೆಯಾಗುವುದು.

ಮೇಲೆ ಒಬ್ಬ ಅಣ್ಣ ಬರೆದಿದ್ದಾರೆ, ಏಪ್ರಿಲ್ ಓಪನಿಂಗ್‌ಗೆ ವರ್ಷದ ಜಮೆ ಕೂಡಿಸಿ ಡೆಬಿಟ್ ಕಳೆದರೆ ಮಾರ್ಚ್ ಕ್ಲೋಸಿಂಗ್ ಬರಬೇಕು, ಅಷ್ಟು ನೋಡಿದರೆ ಸಾಕು ಅಂತ. ಬರಬೇಕು ಅನ್ನುವುದು ಸರಿ ಅಣ್ಣಾ, ಸಾಕು ಅನ್ನುವುದು ತಪ್ಪು. ಇಲ್ಲೇ ನೋಡಿ, 2,750 ಮತ್ತು 2,500 ಒಂದನ್ನೊಂದು ತಿಂದುಕೊಂಡು 250 ಉಳಿದಿದೆ. ಎರಡೂ 2,500 ಆಗಿದ್ದರೆ ಸೊನ್ನೆ ಬಂದಿರುತ್ತಿತ್ತು, ಅಕ್ಕ ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಹೊಸ ಬ್ಯಾಂಕಿನವರು ಸ್ಟೇಟ್‌ಮೆಂಟ್ ಪಕ್ಕಕ್ಕಿಟ್ಟು ನೋಡಿದಾಗ ಇಲ್ಲದ "ಬ್ಯಾಂಕ್ ಚಾರ್ಜ್" ಸಿಕ್ಕರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

ಈಗ ನನ್ನ ಇಷ್ಟದ ವಿಧಾನ. ತಿಂಗಳ ಒಟ್ಟು ಮೊತ್ತಕ್ಕಿಂತ ನನಗೆ ಸಾಲು ಸಾಲಾಗಿ ಹೋಗುವುದರ ಮೇಲೆ ನಂಬಿಕೆ ಜಾಸ್ತಿ. ಸ್ಟೇಟ್‌ಮೆಂಟಿನಲ್ಲಿ ಪ್ರತಿ ಎಂಟ್ರಿಯ ಎದುರು ಬ್ಯಾಲೆನ್ಸ್ ಇದ್ದೇ ಇರುತ್ತದೆ. ಅದನ್ನು ಹಾಗೇ ಉಳಿಸಿಕೊಳ್ಳಿ, ಸುಮ್ನೆ ಜಾಗ ತಿನ್ನುತ್ತದೆ ಅಂತ ಅಳಿಸಬೇಡಿ. D ಡೆಬಿಟ್, E ಜಮೆ, F ಬ್ಯಾಂಕ್ ಅಚ್ಚು ಮಾಡಿದ ಬ್ಯಾಲೆನ್ಸ್ ಅಂತ ಇಟ್ಟುಕೊಂಡರೆ G3ಯಲ್ಲಿ ಇದನ್ನು ಹಾಕಿ ಕೊನೆಯವರೆಗೆ ಎಳೆಯಿರಿ:

```
=ROUND(F3-(F2-D3+E3),2)
```

ಎಲ್ಲಾ ಕಡೆ 0 ಬರಬೇಕು. ಎಲ್ಲಿ ಬರಲಿಲ್ಲವೋ ಆ ಸಾಲು ಅಥವಾ ಅದರ ಮೇಲಿನ ಸಾಲಿನಲ್ಲೇ ತೊಂದರೆ. ತಿಂಗಳಿಡೀ ಹುಡುಕುವ ಕೆಲಸ ಇಲ್ಲ. ROUND ಬಿಡಬೇಡಿ, ಪೈಸೆ ಇರುವ ಕಡೆ ಎಕ್ಸೆಲ್ ಸೊನ್ನೆಯ ಬದಲು ಏನೋ ಚೂರು ದಶಮಾಂಶ ತೋರಿಸಿ ತಲೆ ತಿನ್ನುತ್ತದೆ.

ಇನ್ನೊಂದು ಲಾಭ ಇದೆ. ತಿಂಗಳ ಮೊದಲಿಗೆ ಬರುವ B/F ಅಥವಾ Opening Balance ಸಾಲನ್ನು ಅಳಿಸದೆ ಬಿಟ್ಟರೆ ಕೊಂಡಿಯೂ ಇದೇ ಫಾರ್ಮುಲಾದಲ್ಲಿ ತಾನಾಗಿ ಪರೀಕ್ಷೆ ಆಗುತ್ತದೆ. ಆ ಸಾಲಿನಲ್ಲಿ ಡೆಬಿಟ್ ಇಲ್ಲ, ಜಮೆ ಇಲ್ಲ, ಬ್ಯಾಲೆನ್ಸ್ ಮಾತ್ರ. ಹಿಂದಿನ ತಿಂಗಳ ಕೊನೆಯ ಬ್ಯಾಲೆನ್ಸ್ ಅದೇ ಆಗಿದ್ದರೆ 0. ನಿಮ್ಮ ಶೀಟಿನಲ್ಲಿ ಸೆಪ್ಟೆಂಬರಿನ B/F ಎದುರು -2750 ಬರಬೇಕು, ನೋಡಿ ಹೇಳಿ. ಎಲ್ಲರೂ "ಇದು ಎಂಟ್ರಿ ಅಲ್ಲವಲ್ಲ" ಅಂತ ಮೊದಲು ಅಳಿಸುವುದೇ ಆ ಸಾಲನ್ನು. ಅದೊಂದನ್ನು ಮಾತ್ರ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಬೇಕೋ. ಆದರೆ ಪ್ರತಿ ಪುಟದ ತಲೆಯಲ್ಲೂ B/F, ಬುಡದಲ್ಲಿ C/F ಅಚ್ಚಾಗುವ ಸ್ಟೇಟ್‌ಮೆಂಟ್‌ಗಳಿವೆ. ಆ C/F ಸಾಲಿನಲ್ಲಿ ಕೆಲವು ಕಡೆ ಪುಟದ ಒಟ್ಟು ಡೆಬಿಟ್, ಒಟ್ಟು ಜಮೆ ಇರುತ್ತದೆ. ಅದನ್ನು ಎಂಟ್ರಿ ಅಂತ ಕೂಡಿಸಿಕೊಂಡರೆ ಲೆಕ್ಕ ಕೆಡುತ್ತದೆ, ಆ ಎರಡು ಅಂಕಿ ಖಾಲಿ ಮಾಡಿ.

ಸಾರ್ಟ್ ಮಾಡುವ ಮೊದಲು ಒಂದು ಕ್ರಮಸಂಖ್ಯೆಯ ಕಾಲಂ ಹಾಕಿ. ಇದು ಕೈಮುಗಿದು ಕೇಳಿಕೊಳ್ಳುವ ಮಾತು. ತಾರೀಖಿನ ಮೇಲೆ ಸಾರ್ಟ್ ಮಾಡಿದರೆ ತಾರೀಖುಗಳು ಸಾಲಾಗಿ ನಿಲ್ಲುತ್ತವೆ, ಆದರೆ ಒಂದೇ ದಿನದ ಐದು ಎಂಟ್ರಿಗಳ ಕ್ರಮ ಬ್ಯಾಂಕ್ ಕೊಟ್ಟ ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ ಬರುವ ಸ್ಟೇಟ್‌ಮೆಂಟ್ ಆದರಂತೂ ತಾರೀಖಿನ ಮೇಲೆ ತಿರುಗಿಸಿದರೂ ಒಂದೇ ದಿನದವು ಉಲ್ಟಾ ಆಗಿಯೇ ಉಳಿಯುತ್ತವೆ. ಆಗ G ಕಾಲಂ ತುಂಬಾ ಅಂಕಿ ಬರುತ್ತದೆ, ಎಲ್ಲಾ ಹಾಳಾಯಿತು ಅಂತ ಗಾಬರಿ ಆಗುತ್ತದೆ. ಒಂದೊಂದು ತಿಂಗಳನ್ನೂ ಕ್ರಮಸಂಖ್ಯೆಯ ಮೇಲೆ ತಿರುಗಿಸಿ, ಆಮೇಲೆ ಜೋಡಿಸಿ.

ನಿಮ್ಮದು ಓಡಿ ಖಾತೆ, ಹಾಗಾಗಿ Dr, Cr ವಿಷಯ. ಜನವರಿ ಕ್ಲೋಸಿಂಗ್ 8,200.00 Dr ಅಂತಿದೆ, ಅಂದರೆ ಅಷ್ಟು ನೀವು ಬ್ಯಾಂಕಿಗೆ ಕೊಡಬೇಕು, ಹಾಗಾಗಿ -8200 ಅಂತ ಟೈಪ್ ಮಾಡಬೇಕು. ಒಂದು ಕಡೆ ಮೈನಸ್ ಹಾಕಿ ಫೆಬ್ರವರಿ ಓಪನಿಂಗ್‌ಗೆ ಮರೆತರೆ ವ್ಯತ್ಯಾಸ 16,400 ಬರುತ್ತದೆ. ಅದು ಬ್ಯಾಲೆನ್ಸಿನ ಎರಡರಷ್ಟು, ನೋಡಿದ ಕೂಡಲೇ ಗುರುತು ಸಿಗುತ್ತದೆ. ಎರಡೂ ಕಡೆ ಮರೆತರೆ ಇನ್ನೂ ಕೆಟ್ಟದ್ದು, ಕೊಂಡಿ ಸರಿ ಅಂತ ತೋರಿಸಿಬಿಡುತ್ತದೆ. ಸಾಲು ಸಾಲಿನ ಪರೀಕ್ಷೆ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. H ಕಾಲಂನಲ್ಲಿ "8,200.00 Dr" ಅಂತ ಅಕ್ಷರದ ಸಮೇತ ಬಂದಿದ್ದರೆ F2ನಲ್ಲಿ ಇದನ್ನು ಹಾಕಿ ಕೊನೆಯವರೆಗೆ ಎಳೆಯಿರಿ:

```
=IF(RIGHT(TRIM(H2),2)="Dr",-1,1)*SUBSTITUTE(SUBSTITUTE(SUBSTITUTE(H2,",","")," Dr","")," Cr","")
```

SUBSTITUTE ದೊಡ್ಡಕ್ಷರ ಚಿಕ್ಕಕ್ಷರ ನೋಡುತ್ತದೆ. ನಿಮ್ಮದರಲ್ಲಿ DR, CR ಅಂತಿದ್ದರೆ ಹಾಗೇ ಬರೆಯಿರಿ. ಡೆಬಿಟ್ ಅಥವಾ ಜಮೆ ಇಲ್ಲದ ಕಡೆ ಅಡ್ಡಗೆರೆ ಹಾಕುವ ಸ್ಟೇಟ್‌ಮೆಂಟ್ ಆದರೆ G ಕಾಲಂನಲ್ಲಿ #VALUE! ಬರುತ್ತದೆ. ಗೆರೆ ಅಳಿಸಿ ಖಾಲಿ ಬಿಡಿ.

ಪಿಡಿಎಫ್‌ನಿಂದ ಎಕ್ಸೆಲ್‌ಗೆ ತರಲು ಆ ಪುಕ್ಕಟೆ ವೆಬ್‌ಸೈಟುಗಳಿಗೆ ದಯವಿಟ್ಟು ಸ್ಟೇಟ್‌ಮೆಂಟ್ ಹಾಕಬೇಡಿ. ವರ್ಷದ ವ್ಯವಹಾರ ಪೂರ್ತಿ ಗುರುತಿಲ್ಲದವರ ಕಂಪ್ಯೂಟರಿಗೆ ಕಳಿಸಿ, ಇಲ್ಲಿ ಖಾತೆ ನಂಬರ್ ಮುಚ್ಚಿ ಏನು ಪ್ರಯೋಜನ? ನಾನು ಟ್ಯಾಬುಲಾ ಬಳಸುತ್ತೇನೆ, ಅದು ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ದುಡ್ಡೂ ಇಲ್ಲ. ಸ್ಕ್ಯಾನ್ ಮಾಡಿದ ಹಾಳೆಗೆ ಅದು ನಡೆಯುವುದಿಲ್ಲ. ನೆಟ್ ಬ್ಯಾಂಕಿಂಗ್ ಎಕ್ಸೆಲ್ ಅಥವಾ ಸಿಎಸ್‌ವಿ ಕೊಡುತ್ತಿದ್ದರೆ ಅದನ್ನೇ ತೆಗೆದುಕೊಳ್ಳಿ, ಪಿಡಿಎಫ್ ಗೋಜೇ ಬೇಡ. ಲಿಬ್ರೆಆಫೀಸ್‌ನಲ್ಲೂ ಮೇಲಿನ ಮೊದಲ ಫಾರ್ಮುಲಾ ಹಾಗೇ ನಡೆಯುತ್ತದೆ. ಮೊಬೈಲಿನಲ್ಲಿ ಈ ಕೆಲಸ ಮಾಡುವವರಿಗೆ ನನ್ನ ನಮಸ್ಕಾರ.

ಟ್ಯಾಲಿಯಲ್ಲಿ ಬ್ಯಾಂಕ್ ಬ್ಯಾಲೆನ್ಸ್ ಹೊಂದುತ್ತಿಲ್ಲ ಅಂತ ಕೇಳಿದ ಗೊಬ್ಬರದಂಗಡಿ ಅಣ್ಣನಿಗೆ: ನಿಮ್ಮದು ಬೇರೆ ಸಮಸ್ಯೆ. ನೀವು ಕೊಟ್ಟ ಚೆಕ್ ಇನ್ನೂ ಪಾಸಾಗಿಲ್ಲದಿದ್ದರೆ ನಿಮ್ಮ ಪುಸ್ತಕಕ್ಕೂ ಬ್ಯಾಂಕಿಗೂ ವ್ಯತ್ಯಾಸ ಇರಲೇಬೇಕು. ಇಲ್ಲಿ ಬ್ಯಾಂಕಿನ ಕಾಗದಕ್ಕೂ ಬ್ಯಾಂಕಿನದೇ ಮುಂದಿನ ಕಾಗದಕ್ಕೂ ತಾಳೆ, ಅಲ್ಲಿ ಒಂದು ಪೈಸೆಯೂ ಆಚೀಚೆ ಆಗುವಂತಿಲ್ಲ. ನಿಮ್ಮದನ್ನು ಬೇರೆ ಪೋಸ್ಟ್ ಹಾಕಿ ಕೇಳಿ.

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಸರ್ ಹೇಳಿದ ವ್ಯಾಲ್ಯೂ ಡೇಟ್ ವಿಷಯ ನೂರಕ್ಕೆ ನೂರು ಸರಿ. ಎಂಟ್ರಿ ಪೋಸ್ಟ್ ಆದ ತಾರೀಖು, ಬಡ್ಡಿ ಲೆಕ್ಕಕ್ಕೆ ಹಿಡಿಯುವ ವ್ಯಾಲ್ಯೂ ಡೇಟ್ ಅಂತ ಎರಡು ಕಾಲಂ ಇದ್ದರೆ ಬ್ಯಾಲೆನ್ಸ್ ನಡೆಯುವುದು ಪೋಸ್ಟಿಂಗ್ ಆದ ಕ್ರಮದಲ್ಲಿ. ವ್ಯಾಲ್ಯೂ ಡೇಟ್ ನೋಡಿ ಎಂಟ್ರಿಯನ್ನು ಹಿಂದಿನ ತಿಂಗಳಿಗೆ ಎತ್ತಿ ಹಾಕಿದರೆ ಎರಡು ತಿಂಗಳ ಕೊಂಡಿಯೂ ಕೆಡುತ್ತದೆ. ಆದರೆ ಏಪ್ರಿಲ್ 1ಕ್ಕೆ ಪೋಸ್ಟ್ ಆಗಿ ಮಾರ್ಚ್ 31ರ ವ್ಯಾಲ್ಯೂ ಡೇಟ್ ಇರುವ ಬಡ್ಡಿಯನ್ನು ಯಾವ ವರ್ಷದ ಪಟ್ಟಿಯಲ್ಲಿ ತೋರಿಸಬೇಕು ಅನ್ನುವುದರಲ್ಲಿ ಸರ್ ಮತ್ತು ನಾನು ಒಪ್ಪುವುದಿಲ್ಲ. ಸ್ಟೇಟ್‌ಮೆಂಟ್ ಶೀಟಿನಲ್ಲಿ ಅದು ಏಪ್ರಿಲ್‌ನಲ್ಲೇ ಇರಲಿ ಅನ್ನುವುದು ನನ್ನ ಮಾತು. ವರ್ಷದ ಬಡ್ಡಿ ಖರ್ಚಿನ ಲೆಕ್ಕಕ್ಕೆ ನಿಮ್ಮ ಆಡಿಟರ್ ಹೇಳಿದಂತೆ ಮಾಡಿ.

ಓಡಿ ಖಾತೆಗೆ ಬಡ್ಡಿ ಸಾಮಾನ್ಯವಾಗಿ ತಿಂಗಳ ಕೊನೆಯ ದಿನ ಬೀಳುತ್ತದೆ. ಅವತ್ತೇ ಬೆಳಿಗ್ಗೆ ಸ್ಟೇಟ್‌ಮೆಂಟ್ ಇಳಿಸಿಕೊಂಡರೆ ಅವಧಿ 31ರವರೆಗೆ ಅಂತಲೇ ಅಚ್ಚಾಗುತ್ತದೆ, ಆದರೆ ಬಡ್ಡಿ ಅದರಲ್ಲಿ ಇರುವುದಿಲ್ಲ. ಹೀಗಾಗಿ ಅವಧಿ ನೋಡಿದ್ದು ಸಾಲದು, ಸ್ಟೇಟ್‌ಮೆಂಟ್ ತೆಗೆದ ತಾರೀಖು ಯಾವುದು ಅಂತಲೂ ನೋಡಿ. ಮುಂದಿನ ತಿಂಗಳ ಎರಡು ಅಥವಾ ಮೂರನೇ ತಾರೀಖಿಗೆ ತೆಗೆಯುವುದು ಒಳ್ಳೆಯದು. ಉಲ್ಟಾ ತಪ್ಪೂ ಆಗುತ್ತದೆ: 01/04 ರಿಂದ 01/05, ಆಮೇಲೆ 01/05 ರಿಂದ 01/06 ಅಂತ ತೆಗೆದರೆ ಮೇ 1ರ ಎಂಟ್ರಿಗಳು ಎರಡೆರಡು ಸಲ ಬರುತ್ತವೆ.

ನವೆಂಬರಿನ ಎಲ್ಲಾ ಪುಟ ಇಲ್ಲಿ ಹಾಕುವುದು ಬೇಡ. ಮೊದಲು G ಕಾಲಂ ಎಳೆಯಿರಿ, ಎಲ್ಲಿ 2500 ಬರುತ್ತದೋ ಆ ಸಾಲು ಮತ್ತು ಅದರ ಮೇಲೆ ಕೆಳಗೆ ಎರಡೆರಡು ಸಾಲಿನ ಫೋಟೋ ಸಾಕು. ವಿವರದ ಕಾಲಂನಲ್ಲಿ ಗಿರಾಕಿಗಳ ಹೆಸರು ಇರುತ್ತದೆ, ಅದನ್ನೂ ಮುಚ್ಚಿ.