ಮುಂದಿನ ನನಗೆ ಬರೆದ ಎರಡು ಪತ್ರ

"ಐದು ವರ್ಷ ಆದ್ಮೇಲೆ ಓದೋಕೆ ನನಗೆ ನಾನೇ ಒಂದು ಪತ್ರ ಬರೀಬೇಕು ಅಂದ್ಕೊಂಡಿದೀನಿ. ನನ್ನ ಮೌಲ್ಯಗಳು, ಬಿಡಬಾರದ ಅಭ್ಯಾಸಗಳು, ಇವನ್ನೆಲ್ಲ ಹೇಗೆ ಬರೀಲಿ? ಯಾರಾದ್ರೂ ಬರೆದು, ಐದು ವರ್ಷ ಬಿಟ್ಟು ನಿಜವಾಗ್ಲೂ ತೆಗೆದು ಓದಿದೀರಾ?"

ಓದಿದ್ದೇನೆ. 2020ರ ದೀಪಾವಳಿಗೆ ಬರೆದು ಅಂಟಿಸಿದ್ದೆ, 2025ರ ದೀಪಾವಳಿಗೆ ಒಡೆದೆ. ಓದಿ ಮುಗಿಸಿದಾಗ ಸ್ವಲ್ಪ ನಗು ಬಂತು, ಜಾಸ್ತಿ ನಾಚಿಕೆ ಆಯ್ತು.

ನಾನು ದಾವಣಗೆರೆಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ದೀಪಾವಳಿ ಪೂಜೆ ಆದ ಮೇಲೆ ನಮ್ಮಲ್ಲಿ ಹೊಸ ಖಾತೆ ಪುಸ್ತಕ ಶುರು. ಹಳೇ ಪುಸ್ತಕದ ಕೊನೇ ಶಿಲ್ಕನ್ನು ಹೊಸ ಪುಸ್ತಕದ ಮೊದಲನೇ ಸಾಲಿಗೆ ತರುತ್ತೇವೆ. ಆ ವರ್ಷ ಲಾಕ್‌ಡೌನ್ ಕಂಡು ಮನಸ್ಸು ಒಂಥರಾ ಆಗಿತ್ತು. ಹಳೇ ಪುಸ್ತಕದಲ್ಲಿ ಉಳಿದಿದ್ದ ಎರಡು ಹಾಳೆ ಹರಿದು, ಐದು ವರ್ಷದ ಆಚೆಗಿನ ನನಗೆ ಬರೆದೆ. ಹನ್ನೊಂದು ಮಾತು ಬರೆದಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಕುಂದವಾಡ ಕೆರೆ ಸುತ್ತಬೇಕು. ಪ್ರಾಮಾಣಿಕವಾಗಿರಬೇಕು. ಮನೆ ಖರ್ಚು ದಿನಾ ಬರೆಯಬೇಕು. ಭಾನುವಾರ ಮಗಳ ಜೊತೆ ಬೆಣ್ಣೆ ದೋಸೆ ತಿನ್ನೋದು ಬಿಡಬಾರದು. ಹೀಗೆ.

ಮೊದಲು ಕೆರೆಯ ಕಥೆ ಹೇಳುತ್ತೇನೆ. ಅದು ಬೇಗ ಮುಗಿಯುತ್ತದೆ, ಯಾಕಂದ್ರೆ ನಾನು ಸುತ್ತಿದ್ದೇ ಹತ್ತೊಂಬತ್ತು ದಿನ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಇಪ್ಪತ್ತನೇ ದಿನ ಜ್ವರ, ಮಾರನೇ ದಿನವೂ ಏಳಲಿಲ್ಲ. ಲೆಕ್ಕ ತಪ್ಪಿತು ಅಂತ ಬಿಟ್ಟೇಬಿಟ್ಟೆ. ಲಂಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಫಿಲಿಪಾ ಲಾಲಿ ಅನ್ನುವವರು 96 ಜನರನ್ನು ಹನ್ನೆರಡು ವಾರ ಗಮನಿಸಿ ಒಂದು ಅಧ್ಯಯನ ಮಾಡಿದ್ದಾರೆ ಅಂತ ಆಮೇಲೆ ಓದಿದೆ. ಒಂದು ಕೆಲಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕು ಅನ್ನೋ ಅಂದಾಜು ಲೆಕ್ಕ ಅವರಿಗೆ ಸಿಕ್ಕಿತು. ನಡುವಿನ ಅಂಕಿ 66. ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಇಲ್ಲವಂತೆ. ಇದು ಗೊತ್ತಿದ್ದರೆ ಆವತ್ತು ಬಿಡುತ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ನಿಜ ಅದಲ್ಲ.

ನಾನು ಬರೆದಿದ್ದೇ ತಪ್ಪು ಮನುಷ್ಯನಿಗೆ. ದೀಪಾವಳಿ ರಜೆಯಲ್ಲಿ ಮಧ್ಯಾಹ್ನ ನಿದ್ದೆ ಮಾಡಿ ಎದ್ದು, ಕಾಫಿ ಕುಡಿಯುತ್ತಾ ಬರೆದ ಪತ್ರ ಅದು. ಮೆಕ್ಕೆಜೋಳ ಬರುವ ಕಾಲದಲ್ಲಿ ನಾನು ರಾತ್ರಿ ಹತ್ತಕ್ಕೆ ಮನೆ ಸೇರುವವನು. ಅಂಥವನು ಐದಕ್ಕೆ ಎದ್ದು ಬೈಕ್ ತೆಗೆದು ಕೆರೆಗೆ ಹೋಗ್ತಾನಾ? ನಿಮ್ಮ ಕೆಲಸಕ್ಕೂ ಒಂದು ಸೀಸನ್ ಇರುತ್ತೆ ಅಲ್ವಾ? ಪರೀಕ್ಷೆಯೋ, ಮಾರ್ಚ್ ತಿಂಗಳ ಲೆಕ್ಕವೋ, ಸುಗ್ಗಿಯೋ. ಪತ್ರವನ್ನು ಆ ದಿನಗಳಲ್ಲಿ ಬರೆಯಿರಿ. ಆಗ ಯಾವುದು ನಿಜಕ್ಕೂ ಕೈಲಾಗುತ್ತೋ ಅದು ಮಾತ್ರ ಹಾಳೆಗೆ ಬರುತ್ತದೆ.

ಉಳಿದುಕೊಂಡ ಅಭ್ಯಾಸ ಒಂದೇ, ಮನೆ ಖರ್ಚು ಬರೆಯೋದು. ಸೀಸನ್ನಿನಲ್ಲೂ ತಪ್ಪಿಲ್ಲ. ಅದರಲ್ಲಿ ನನ್ನ ಶ್ರದ್ಧೆ ಏನೂ ಇಲ್ಲ. ರಾತ್ರಿ ಊಟ ಆದ ಮೇಲೆ ಬಿಪಿ ಮಾತ್ರೆ ನುಂಗಬೇಕು. ಪುಸ್ತಕ, ಪೆನ್ನು ಮಾತ್ರೆ ಡಬ್ಬಿಯ ಕೆಳಗೇ ಇರುತ್ತವೆ. ಡಬ್ಬಿ ಎತ್ತಬೇಕಾದರೆ ಪುಸ್ತಕ ಕೈಗೆ ಬರಲೇಬೇಕು. ಹಾಗಾಗಿ ಹೊಸ ಪತ್ರದಲ್ಲಿ "ದಿನಾ" ಅನ್ನೋ ಪದವನ್ನೇ ಬರೆದಿಲ್ಲ. ಯಾವ ಕೆಲಸ ಮುಗಿದ ಕೂಡಲೇ, ಎಲ್ಲಿ ನಿಂತು, ಏನು ಕೈಗೆತ್ತಿಕೊಂಡು, ಅಷ್ಟನ್ನೇ ಬರೆದಿದ್ದೇನೆ.

ದೋಸೆಯ ಮಾತು ಬೇರೆ. ಮಗಳು ಈಗ ಬೇರೆ ಊರಿನಲ್ಲಿ ಹಾಸ್ಟೆಲ್ ಸೇರಿದ್ದಾಳೆ. ನನಗೆ ಬೆಣ್ಣೆ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. (ದಾವಣಗೆರೆಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.) ಬರೆಯುವಾಗ ಇದ್ಯಾವುದೂ ತಲೆಗೇ ಬಂದಿರಲಿಲ್ಲ. ಕಳೆದ ಹತ್ತು ವರ್ಷದಲ್ಲಿ ತುಂಬಾ ಬದಲಾಗಿದ್ದೀವಿ ಅಂತ ಒಪ್ಪುವ ಜನರೇ, ಮುಂದಿನ ಹತ್ತು ವರ್ಷದಲ್ಲಿ ಅಷ್ಟೇನೂ ಬದಲಾಗಲ್ಲ ಅಂದುಕೊಳ್ಳುತ್ತಾರಂತೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು, 19 ಸಾವಿರಕ್ಕೂ ಹೆಚ್ಚು ಜನರ ಉತ್ತರ ನೋಡಿ ಬರೆದಿದ್ದು. ನಾನೂ ಅದೇ ಸಾಲಿನವನು. ನನಗೆ ಬೇಕಾಗಿದ್ದದ್ದು ದೋಸೆ ಅಲ್ಲ. ಹೋಟೆಲಿನಲ್ಲಿ ಜಾಗ ಸಿಗೋತನಕ ಕಾಯುವ ಇಪ್ಪತ್ತು ನಿಮಿಷ ಇರುತ್ತದಲ್ಲ, ಆಗ ಅವಳು ಶಾಲೆ ಮಾತೆಲ್ಲ ಹೇಳುತ್ತಿದ್ದಳು. ಅದನ್ನು ಬರೆದಿದ್ದರೆ, ದೋಸೆ ತಪ್ಪಿದ ದಿನ ಫೋನಾದರೂ ಹಿಡಿಯುತ್ತಿದ್ದೆ. ನೀವು ಯಾವ ಅಭ್ಯಾಸ ಬರೆದರೂ ಪಕ್ಕದಲ್ಲಿ ಅದು ಯಾಕೆ ಬೇಕು ಅಂತ ಒಂದು ಸಾಲು ಇರಲಿ.

ಲಕೋಟೆಯಲ್ಲಿ ನೆನಪಿಗೆ ಅಂತ ಆ ಹೋಟೆಲಿನ ಬಿಲ್ಲೂ ಹಾಕಿದ್ದೆ. ತೆಗೆದು ನೋಡಿದರೆ ಬರೀ ಬಿಳೀ ಚೀಟಿ. ಆ ಕಾಗದದ ಮೇಲೆ ಶಾಯಿ ಇರಲ್ಲ, ಬಿಸಿಗೆ ಕಪ್ಪಾಗುವ ಲೇಪ ಇರುತ್ತೆ, ವರ್ಷ ಕಳೆದಂತೆ ಮಾಸುತ್ತೆ. ಅಂಥದ್ದು ಇಡಬೇಕು ಅನ್ನಿಸಿದರೆ ಜೆರಾಕ್ಸ್ ಮಾಡಿಸಿ ಇಡಿ. ಪತ್ರವನ್ನು ಬಾಲ್ ಪೆನ್ನಿನಲ್ಲೇ ಬರೆಯಿರಿ, ನೀರು ತಾಗಿದರೂ ಅಷ್ಟು ಬೇಗ ಹರಡಲ್ಲ.

ಇನ್ನು ಮೌಲ್ಯದ ವಿಷಯ. ನನಗೆ ನಾಚಿಕೆ ಆಗಿದ್ದು ಇಲ್ಲೇ.

"ಪ್ರಾಮಾಣಿಕವಾಗಿರಬೇಕು" ಅನ್ನೋ ಸಾಲು ಓದಿದ ತಕ್ಷಣ ಪಕ್ಕದಲ್ಲಿ ಸರಿ ಗುರುತು ಹಾಕಿಬಿಟ್ಟೆ. ಯೋಚನೆಯನ್ನೂ ಮಾಡಲಿಲ್ಲ. ನಾನೇನು ಕಳ್ಳನಾ? ಆಮೇಲೆ ಕೈ ತೊಳೆಯುವಾಗ 2022ರ ಒಂದು ಸಂಜೆ ನೆನಪಾಯ್ತು.

ಆಗ ಬೇರೆ ಅಂಗಡಿಯಲ್ಲಿದ್ದೆ. ಮೆಕ್ಕೆಜೋಳ ಬಂದರೆ ಕಾಳನ್ನು ಮೀಟರಿಗೆ ಹಾಕಿ ಮಾಯಿಶ್ಚರ್, ಅಂದರೆ ಶೇಕಡಾ ಎಷ್ಟು ತೇವ ಇದೆ ಅಂತ ನೋಡುತ್ತಾರೆ. 14ರ ಒಳಗಿದ್ದರೆ ಒಣಗಿದ ಮಾಲು. ಅದಕ್ಕಿಂತ ಮೇಲಿನ ಒಂದೊಂದು ಅಂಕಿಗೂ ಆ ಅಂಗಡಿಯಲ್ಲಿ ಕ್ವಿಂಟಲಿಗೆ ಒಂದು ಕೆಜಿ ಮುರಿದುಕೊಳ್ಳುತ್ತಿದ್ದರು. ಜಗಳೂರು ಕಡೆಯ ರೈತರೊಬ್ಬರು ನಲವತ್ತು ಕ್ವಿಂಟಲ್ ತಂದಿದ್ದರು. ಮೀಟರಿನಲ್ಲಿ 17 ಬಂತು. "ಹದಿನೆಂಟು ಬರಕೋ" ಅಂದರು ಒಳಗಿಂದ. ಬರೆದೆ. ಆ ರೈತರು "ಎಷ್ಟು ಬಂತು ಸಾಮಿ?" ಅಂತ ಕೇಳಿದರು. ಹದಿನೆಂಟು ಅಂದೆ. ಅವರು ತಲೆಯಾಡಿಸಿ, ಪಟ್ಟಿ ಮಡಚಿ ಜೇಬಿಗೆ ಇಟ್ಟುಕೊಂಡು ಹೋದರು. ಒಂದು ಅಂಕಿ ಅಂದರೆ ನಲವತ್ತು ಕೆಜಿ. ಆವತ್ತಿನ ದರಕ್ಕೆ ಸುಮಾರು ಎಂಟುನೂರು ರೂಪಾಯಿ.

ದೊಡ್ಡ ಮೋಸ ಅಂತ ಯಾರೂ ಕೇಸ್ ಹಾಕಲ್ಲ. ಆದರೆ ನನ್ನ ಪತ್ರ ಇದನ್ನು ಹಿಡಿಯಲೇ ಇಲ್ಲ ಅಲ್ವಾ? ಮೂರು ವರ್ಷ ಕಳೆದ ಮೇಲೂ ಸರಿ ಗುರುತು ಬಿತ್ತು. ಪ್ರಾಮಾಣಿಕತೆ ಅಂತ ಒಂದು ಪದ ಬರೆದಿಟ್ಟರೆ ಅದರಲ್ಲಿ ಎಂಥವನೂ ಪಾಸಾಗುತ್ತಾನೆ. ಖಾತೆಯಲ್ಲಿ "ಒಳ್ಳೆ ವ್ಯಾಪಾರ ಆಯ್ತು" ಅಂತ ಬರೆದರೆ ಆಡಿಟರ್ ಒಪ್ಪುತ್ತಾರಾ? ಯಾರಿಗೆ, ಎಷ್ಟು, ಯಾವತ್ತು ಅಂತ ಕೇಳುತ್ತಾರೆ.

ಹಾಗಾಗಿ ಈ ಸಲ ಪ್ರತಿ ಮೌಲ್ಯವನ್ನೂ ನಾನು ಸೋತ ಒಂದು ದಿನದಿಂದ ಶುರು ಮಾಡಿದೆ. ಅದು ಹಿಂದಿನ ಬಾಕಿ. ಆಮೇಲೆ ಅದೇ ಪರಿಸ್ಥಿತಿ ಮತ್ತೆ ಬಂದರೆ ಕೈಯಿಂದ ಏನು ಮಾಡಬೇಕು ಅಂತ ಬರೆದೆ, ಮನಸ್ಸಿನಲ್ಲಿ ಏನು ಅಂದುಕೊಳ್ಳಬೇಕು ಅಂತ ಅಲ್ಲ. ಬರೆದ ಸಾಲು ಸರಿಯಾಗಿದೆಯಾ ಅಂತ ನೋಡೋಕೆ ಒಂದೇ ದಾರಿ: ಅದನ್ನು ನಿಮ್ಮ ಪಕ್ಕದಲ್ಲಿ ಕೆಲಸ ಮಾಡುವವರಿಗೆ ತೋರಿಸಿದರೆ, ಅವರು ನಿಮ್ಮನ್ನು ಕೇಳದೆಯೇ ಹೌದು ಅಥವಾ ಇಲ್ಲ ಅನ್ನೋಕೆ ಆಗಬೇಕು. ಆಗದಿದ್ದರೆ ಸಾಲು ಇನ್ನೂ ಮಸುಕಾಗಿದೆ, ಹೊಡೆದು ಹಾಕಿ ಮತ್ತೆ ಬರೆಯಿರಿ. ಇಂಥವು ಮೂರಕ್ಕಿಂತ ಜಾಸ್ತಿ ಬರೆಯೋಕೆ ನನಗೆ ಆಗಲಿಲ್ಲ. ಹನ್ನೊಂದು ಎಲ್ಲಿಂದ ಬರಬೇಕು?

ಹೊಸ ಪತ್ರದ ಸ್ವಲ್ಪ ಭಾಗ ಹಾಕುತ್ತೇನೆ. ಹಬ್ಬದ ದಿನ ಬರೆಯಲಿಲ್ಲ, ಅದಾಗಿ ಮೂರು ವಾರಕ್ಕೆ, ಲಾರಿ ಲೋಡ್ ಆಗೋತನಕ ಕಾಯುತ್ತಾ ಅಂಗಡಿಯಲ್ಲೇ ಬರೆದಿದ್ದು.

"2030ರ ನನಗೆ,

ನಿನಗೀಗ ಐವತ್ತೊಂದು. ಮಂಡಿ ನೋವು ಇನ್ನೂ ಇದೆಯಾ? ಕೆಲಸ ಇದೇ ಇದೆಯೋ, ಮೀಟರ್ ಇದೆಯೋ, ಎಲ್ಲ ಕಂಪ್ಯೂಟರಿಗೆ ಹೋಯಿತೋ ಗೊತ್ತಿಲ್ಲ. ಅದಕ್ಕೇ ಯಾಕೆ ಅಂತಲೂ ಬರೆದಿದ್ದೀನಿ.

ಒಂದು. ಪೆನ್ನಿನ ಕ್ಯಾಪ್ ತೆಗೆಯೋ ಮೊದಲು ಮೀಟರನ್ನು ರೈತರ ಕಡೆ ತಿರುಗಿಸು. ಅಂಕಿಯನ್ನು ಅವರ ಬಾಯಲ್ಲೇ ಹೇಳಿಸು, ಆಮೇಲೆ ಬರಿ. ಓದೋಕೆ ಬರದಿದ್ದರೆ ಜೊತೆಗೆ ಬಂದವರಿಂದ ಓದಿಸು. ಅವರು ಹೇಳಿದ ಮೇಲೆ ಒಳಗಿಂದ ಯಾರು ಏನೇ ಕೂಗಿದರೂ ಅಂಕಿ ಬದಲಾಯಿಸೋದು ಕಷ್ಟ. ನಿನ್ನ ಧೈರ್ಯದ ಮೇಲೆ ನನಗೆ ನಂಬಿಕೆ ಕಡಿಮೆ, ಅದಕ್ಕೇ ಈ ಉಪಾಯ. ಯಾಕೆ ಅಂದರೆ, ಆವತ್ತು ಅವರು ನನ್ನ ಮಾತು ನಂಬಿ ತಲೆಯಾಡಿಸಿದರು.

ಎರಡು. ಅಂಗಡಿ ಬೀಗ ಹಾಕಿ ಬೈಕ್ ಹತ್ತಿರ ಬಂದ ಕೂಡಲೇ ಮಗಳಿಗೆ ಫೋನ್ ಮಾಡು. ಬೈಕ್ ಹತ್ತಬೇಡ, ನಿಂತೇ ಮಾತಾಡು. ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡಬೇಡ, ಸುಮ್ನೆ ಸ್ವಲ್ಪ ಹೊತ್ತು ಕಾಯಿ. ಅವಳು ಮಾತು ಶುರು ಮಾಡೋದು ನಿಧಾನ. ಸೀಸನ್ನಿನಲ್ಲಿ ತಪ್ಪಿದರೆ ಮಾರನೇ ದಿನ ಮಾಡು, ಬಿಟ್ಟುಹೋಯಿತು ಅಂತ ಲೆಕ್ಕ ಮುಚ್ಚಬೇಡ.

ಮೂರು. ಮನೆ ಖರ್ಚು. ಮಾತ್ರೆ ಡಬ್ಬಿ ಜಾಗ ಬದಲಾದರೆ ಪುಸ್ತಕದ ಜಾಗವೂ ಬದಲಾಗಲಿ."

ಇದನ್ನು ಎಲ್ಲಿ ಇಡೋದು ಅಂತಲೂ ಹೇಳಿಬಿಡುತ್ತೇನೆ. ಎಲ್‌ಐಸಿ ಬಾಂಡ್, ಮನೆ ಪತ್ರ ಇರುವ ಟ್ರಂಕಿನಲ್ಲಿ. ವರ್ಷಕ್ಕೆ ಒಂದೆರಡು ಸಲವಾದರೂ ಅದನ್ನು ತೆಗೆಯುತ್ತೇವೆ, ಲಕೋಟೆ ಕಣ್ಣಿಗೆ ಬೀಳುತ್ತೆ. ಇಮೇಲ್‌ನಲ್ಲಿ ಇಟ್ಟರೆ ಪಾಸ್‌ವರ್ಡ್ ನೆನಪಿರಬೇಕು, ನನಗೆ ಅದರ ಮೇಲೆ ಭರವಸೆ ಇಲ್ಲ.

ಆದರೆ ಲಕೋಟೆ ಇನ್ನೂ ಅಂಟಿಸಿಲ್ಲ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ: "ಜಗಳೂರು ಕಡೆಯ ಆ ರೈತರಿಗೆ ಎಂಟುನೂರು ರೂಪಾಯಿ ಕೊಟ್ಟ ತಾರೀಖು." ಊರು ಗೊತ್ತು, ಮುಖ ಗೊತ್ತು, ಹೆಸರು ಹಳೇ ಅಂಗಡಿಯ ಪುಸ್ತಕದಲ್ಲಿದೆ. ಈ ಸೀಸನ್ನಿನಲ್ಲಿ ಅವರ ಊರಿನ ಎರಡು ಟ್ರ್ಯಾಕ್ಟರ್ ಬಂದವು, ಅವರು ಬರಲಿಲ್ಲ. ತಾರೀಖಿನ ಜಾಗ ಖಾಲಿ ಇದೆ.